ಕೆಟಲಿನ ಮಡಿ

ಟೈಫಾಯ್ಡ್ ಬಿಟ್ಟ ಮೇಲೂ ನಾಲ್ಕು ಮೆಟ್ಟಿಲು ಹತ್ತಿದರೆ ನನಗೆ ಏದುಸಿರು. ಡಾಕ್ಟರು ದಿನಕ್ಕೆರಡು ಮೊಟ್ಟೆ ಎಂದಿದ್ದರು. ತಮಿಳು ಸೀಮೆಯ ಪುರಸವಾಕ್ಕಂನ ನಮ್ಮ ಲೇಡೀಸ್ ಹಾಸ್ಟೆಲಿನ ಮೆಸ್ಸಿನಲ್ಲಿ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಭಾನುವಾರ ಮಂಗಳೂರಿನಿಂದ ಅಪ್ಪ ಬರುವವರಿದ್ದರು. ನಾನು ಚೇತರಿಸಿಕೊಂಡಿರದಿದ್ದರೆ ಊರಿಗೆ ಕರೆದೊಯ್ಯುವುದು ಖಂಡಿತ. ಬ್ಯಾಂಕಿನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಹೋದರೆ ಹೋದಂತೆಯೇ.

ಕೆಟಲು ಇದ್ದದ್ದು ರೂಮ್‌ಮೇಟ್ ಜಲಜಾಳ ಬಳಿ. ಅವಳದು ಉಡುಪಿ ಕಡೆಯ ಹೋಟೆಲಿನ ಮನೆತನ, ಮೊಟ್ಟೆಯ ವಾಸನೆಗೇ ಮುಖ ಸಿಂಡರಿಸುವವಳು. ಆದರೂ ನಾನು ಕೇಳಿದಾಗ ಇಲ್ಲ ಅನ್ನಲಿಲ್ಲ. ತಾನು ಮುಟ್ಟುವುದಿಲ್ಲ, ಬೇಯಿಸುವುದು ನಾನೇ ಎಂಬುದಷ್ಟೇ ಅವಳ ಕರಾರು.

ತಣ್ಣೀರಲ್ಲೇ ಮೊಟ್ಟೆಗಳನ್ನು ಚಮಚದಿಂದ ಮೆಲ್ಲಗೆ ಇಳಿಸುತ್ತಿದ್ದೆ. ಕುದಿನೀರಿಗೆ ಹಾಕಿದರೆ ಸಿಪ್ಪೆ ಒಡೆದು ಬಿಳಿ ಹೀಟರಿಗೆ ಅಂಟುತ್ತದೆ. ನೀರು ಮೊಟ್ಟೆಯನ್ನೂ ತಳದ ಹೀಟರನ್ನೂ ಮುಳುಗಿಸಬೇಕು. ಆ ಕೆಟಲು ತಾನಾಗಿ ಆರುವಂಥದ್ದಲ್ಲ, ಹಾಗಾಗಿ ಪಕ್ಕದಲ್ಲೇ ನಿಂತು ಕುದಿ ಬಂದೊಡನೆ ಸ್ವಿಚ್ ಆರಿಸಿ ಪ್ಲಗ್ ಕೀಳುತ್ತಿದ್ದೆ. ಮುಚ್ಚಳ ಹಾಕಿ ಹದಿನೈದು ನಿಮಿಷ ಬಿಟ್ಟರೆ ಆ ಬಿಸಿಗೇ ಹಳದಿ ಗಟ್ಟಿಯಾಗುತ್ತಿತ್ತು.

ಜಲಜಾಳ ಕೆಲಸ ಅದರ ನಂತರ. ಮೈಲಿಗೆ ಕಳೆಯಲು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಗುರುವಾರ ಅಷ್ಟು ಸಾಲದೆಂದು ಕೆಟಲನ್ನು ಇಡಿಯಾಗಿ ಬಕೆಟಿನಲ್ಲಿ ಮುಳುಗಿಸಿದಳಂತೆ. ನನಗೆ ಗೊತ್ತಾದದ್ದು ಅವಳು ಕಾಫಿಗೆ ಪ್ಲಗ್ ಸಿಕ್ಕಿಸಿ ಸ್ವಿಚ್ಚಿನತ್ತ ಒದ್ದೆ ಕೈ ಚಾಚಿದಾಗ.

"ಸ್ವಿಚ್ ಹಾಕಬೇಡ ಮಾರಾಯ್ತಿ, ಕೆಟಲಿನ ಪಿನ್ನಿನಿಂದ ನೀರು ಇಳೀತಾ ಉಂಟು," ಎಂದೆ.

ಅವಳ ಕೈ ಅಲ್ಲೇ ನಿಂತಿತು. ಸ್ವಿಚ್ ಆರಿಯೇ ಇದೆಯೆಂದು ನೋಡಿಕೊಂಡು, ಒಣ ಕೈಯಲ್ಲಿ ಗೋಡೆಯ ಪ್ಲಗ್ ಕಿತ್ತೆ. ಆಮೇಲೆ ನನಗೆ ಸಿಟ್ಟು ಬಂತು. ಅವಳು ಸತ್ತಿದ್ದರೆ ಆ ಮಡಿಯನ್ನು ಏನು ಮಾಡುವುದಿತ್ತು? ಇದನ್ನೂ ಅಂದುಬಿಟ್ಟೆ. ಅವಳು ಅತ್ತಳು, ನಾನೂ ಅತ್ತೆ.

ಎರಡು ದಿನ ಕೆಟಲು ಒಣಗಿತು. ನನಗೆ ಮೊಟ್ಟೆಯಿಲ್ಲ, ಅವಳಿಗೆ ಕಾಫಿಯಿಲ್ಲದ ತಲೆನೋವು. ಪರೀಕ್ಷಿಸಿ ಸರಿಯಿದೆ ಎಂದ ಎಲೆಕ್ಟ್ರಿಷಿಯನ್, ಒಳಗೆ ಮಾತ್ರ ತೊಳೆಯಬೇಕು, ಹೊರಗೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದ. ಮುಳುಗಿಸಿ ತೊಳೆಯದ ಕೆಟಲು ಅವಳಿಗೆ ಮಡಿಯಲ್ಲ, ಇನ್ನು ಮೊಟ್ಟೆಯೋ ಕಾಫಿಯೋ, ಎರಡರಲ್ಲೊಂದು ಎಂದುಕೊಂಡೆ.

ಭಾನುವಾರ ವಾರ್ಡನ್ನರ ಅನುಮತಿ ಪಡೆದು ಅಪ್ಪ ನಮ್ಮ ಕೋಣೆಯಲ್ಲಿ ಕುಳಿತಿದ್ದರು. ನನ್ನ ಮುಖ ನೋಡಿದವರೇ ಬಟ್ಟೆಬರೆ ಕಟ್ಟಿಕೋ ಎಂದರು. ಜಲಜಾ ಎದ್ದಳು. ತಣ್ಣೀರು ತುಂಬಿ, ಚಮಚದಲ್ಲಿ ಎರಡು ಮೊಟ್ಟೆ ಇಳಿಸಿ, ಕುದಿ ಬರುವತನಕ ಪಕ್ಕದಲ್ಲೇ ನಿಂತು ಸ್ವಿಚ್ ಆರಿಸಿ ಪ್ಲಗ್ ಕಿತ್ತಳು. ಇಷ್ಟು ದಿನ ಮುಖ ತಿರುಗಿಸಿಕೊಂಡೇ ಎಲ್ಲ ನೋಡಿದ್ದಳು ಎಂದಾಯಿತು. ಗಡಿಯಾರ ನೋಡಿ ತೆಗೆದು, ತಣ್ಣೀರಲ್ಲಿ ಬಿಟ್ಟು, ತಾನೇ ಸಿಪ್ಪೆ ಸುಲಿದು ನನ್ನ ಕೈಗಿಟ್ಟಳು.

ಆಮೇಲೆ ಕೆಟಲಿನ ಒಳಗನ್ನು ಸೋಪು ಹಾಕಿ ತೊಳೆದು, ಹೊರಗೆ ಒರೆಸಿ, ಅದರಲ್ಲೇ ಕಾಫಿಗೆ ನೀರಿಟ್ಟಳು. ಮೂರು ಲೋಟಕ್ಕೆ ಬಗ್ಗಿಸಿ, ಮೊದಲ ಗುಟುಕನ್ನು ತಾನೇ ಕುಡಿದಳು.

ಅಪ್ಪ ಅವಳ ಮನೆಯವರನ್ನೂ ಅವರ ಮಡಿಯನ್ನೂ ಬಲ್ಲವರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ರಾತ್ರಿಯ ರೈಲಿಗೆ ಒಂದೇ ಟಿಕೆಟು ಸಾಕು ಎಂದರು.