ಸುಂಕಮ್ಮನ ಎಮ್ಮೆಯ ಸಾಕ್ಷಿ

ಹೇಮಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಹೊಸಪೇಟೆಯ ಕೊಟ್ರಬಸಪ್ಪ ಸಾಹುಕಾರರ ಪಶು ಆಹಾರದ ಮಿಲ್ಲಿಗೆ ಹನ್ನೆರಡು ವರ್ಷಗಳಿಂದ ಗೋಡೆ ಬರಹ, ಕರಪತ್ರ, ಆಟೋದಲ್ಲಿ ಕೂಗುವ ಮಾತು, ಎಲ್ಲವನ್ನೂ ಬರೆದವನು ನಾನು, ಶಂಭುಲಿಂಗ. ಅವಳು ಬಂದು ಆರು ತಿಂಗಳು. ಮೊದಲು ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಿದ್ದಳಂತೆ, ಈಗ ಊರೂರು ತಿರುಗಿ ದನಕ್ಕೆ ಏನು ಹಾಕಬೇಕೆಂದು ರೈತರಿಗೆ ಹೇಳುತ್ತಾಳೆ. ಅಂಥವಳ ಕೈಗೆ ಪೆನ್ನು ಕೊಟ್ಟರೆ ನನಗೆ ಉರಿಯದೆ ಇರುತ್ತದೆಯೇ?

ಸಾಹುಕಾರರು 'ಕೆನೆಮಣಿ' ಅನ್ನೋ ಹೊಸ ಹೆಸರಿನಲ್ಲಿ ಗುಳಿಗೆಯಂಥ ಆಹಾರ ತೆಗೆದರು. ಒಂದೆರಡು ಎಮ್ಮೆ ಕಟ್ಟಿಕೊಂಡ ಸಣ್ಣ ರೈತರು ಹೊಸ ಚೀಲ ಮುಟ್ಟುವುದೇ ಇಲ್ಲ. ಅದಕ್ಕೇ ಅವರು ಪಂದ್ಯ ಕಟ್ಟಿದರು. ಕಂಪ್ಲಿಯ ಗಿರೀಶನ ಅಂಗಡಿಯಲ್ಲಿ ಚೀಲಗಳ ಮುಂದೆ ಮೊದಲ ಹದಿನೈದು ದಿನ ನನ್ನ ಕಾರ್ಡು, ಆಮೇಲಿನ ಹದಿನೈದು ದಿನ ಅವಳದು. ಯಾರ ಕಾರ್ಡಿಗೆ ಮಾಲು ಹೋಗುತ್ತದೋ ಮುಂದೆ ಅವರೇ ಬರೆಯಬೇಕು, ಇನ್ನೊಬ್ಬರು ಗೋಡೌನಿನಲ್ಲಿ ಚೀಲ ಎಣಿಸಬೇಕು.

ನಾನು ಬರೆದೆ: 'ಕೆನೆಮಣಿ ಹಾಕಿ, ಮನೆಯಲ್ಲಿ ಹಾಲಿನ ಹೊಳೆ ಹರಿಸಿ!' ನನಗೇ ರೋಮಾಂಚನವಾಯಿತು. ಹದಿನೈದು ದಿನಕ್ಕೆ ಹೋದದ್ದು ನಾಲ್ಕೇ ಚೀಲ. ಎರ್ರೆಪ್ಪ ಅನ್ನೋ ರೈತ ಕಾರ್ಡನ್ನು ಓದಿಸಿಕೊಂಡು, ಹಾಲು ಹೊಳೆ ನೀರಿನಂಗ ಹರಿದ್ರ ಡೇರಿಯೋರು ಫ್ಯಾಟ್ ಇಲ್ಲ ಅಂತ ವಾಪಸ್ ಕಳಿಸ್ತಾರ ಅಂದನಂತೆ. ಗಿರೀಶ ಅದನ್ನು ನಗುತ್ತಾ ಫೋನಿನಲ್ಲಿ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಹೇಮಾಳ ಕಾರ್ಡು ಬಂತು. ಅದರಲ್ಲಿ ಒಂದು ಅಲಂಕಾರವಿಲ್ಲ, ಪ್ರಾಸವಿಲ್ಲ. 'ಕೋಟೆ ಹತ್ತಿರದ ಸುಂಕಮ್ಮನ ಎಮ್ಮೆ ಒಂದು ತಿಂಗಳಿಂದ ಇದನ್ನು ತಿನ್ನುತ್ತಿದೆ. ಹೋಗಿ ಕೇಳಿ.' ಅಷ್ಟೇ! ಇದೂ ಒಂದು ಬರಹವೇ? ಆದರೆ ನಮ್ಮ ಕಡೆಯವರ ಪದ್ಧತಿ ಗೊತ್ತಲ್ಲ. ಹೊಸದೇನೇ ಬರಲಿ, ಮೊದಲು ಕೇಳುವುದು ಯಾರ ಮನೆಯ ದನ ತಿಂತು ಅಂತ. ಜನ ನಿಜವಾಗಿ ಸುಂಕಮ್ಮನ ಮನೆಗೆ ಹೋದರು. ಐದೇ ದಿನದಲ್ಲಿ ಹನ್ನೊಂದು ಚೀಲ ಹೋಯಿತು.

ಇದರಲ್ಲಿ ಏನೋ ಮಸಲತ್ತು ಇದೆ ಅನ್ನಿಸಿತು. ಹೇಮಾ ಪುಕ್ಕಟೆ ಚೀಲ ಕೊಟ್ಟು ಸುಳ್ಳು ಹೇಳಿಸಿರಬೇಕು. ಅವಳ ಮುಖವಾಡ ಕಳಚಿಹಾಕೋಣ ಅಂತ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಸುಂಕಮ್ಮ ಸಗಣಿ ಬಾಚುತ್ತಿದ್ದಳು. ಹೇಮಾ ಏನು ಹೇಳೆಂದು ಕಲಿಸಿದ್ದಾಳೆ ಅಂತ ನಾನು ನೇರವಾಗಿಯೇ ಕೇಳಿಬಿಟ್ಟೆ.

"ಆಕಿ ಏನೂ ಕಲಿಸಿಲ್ರಿ. ಅಂಗಡಿಗೆ ಬರೂ ಮೊದಲ ಆಕಿ ಕಡಿಂದ ರೊಕ್ಕ ಕೊಟ್ಟ ಚೀಲ ಒಯ್ದಿದ್ದೆ. ಮೊದಲ ಮೂರು ದಿನ ನನ್ನೆಮ್ಮಿ ಮೂಸಿ ಬಿಟ್ಟಿತ್ತು. ಒಮ್ಮೆಲೇ ಪೂರಾ ಹೊಸದ ಹಾಕಿದ್ದೆ ನೋಡ್ರಿ. ಆಮ್ಯಾಲೆ ಹಳೇ ಹಿಂಡಿಯಾಗ ದಿನಕ್ಕ ಚೂರು ಚೂರು ಬೆರೆಸಿದೆ. ಹತ್ತ ದಿನಕ್ಕ ಪೂರಾ ತಿಂತು. ಫ್ಯಾಟ್ ಏರಾಕ ಮೂರ ವಾರ ಬೇಕಾತು, ಏರಿದ್ದೂ ಬರೇ ಎರಡ ಪಾಯಿಂಟ್."

ಸಿಕ್ಕಿತಪ್ಪ! ಎಮ್ಮೆ ಮೂಸಿ ಬಿಟ್ಟ ಮಾಲು! ಬಸ್ಸಿನಲ್ಲಿ ಮದುವೆ ಗಂಡಿನ ಹಾಗೆ ಕುಳಿತು ವಾಪಸಾದೆ. ಸಾಹುಕಾರರ ಮುಂದೆ ಹೇಮಾಳೂ ಇದ್ದಳು. ಅವಳು ಅರ್ಧ ಸತ್ಯ ಮಾತ್ರ ಬರೆದಿದ್ದಾಳೆ, ನಾಳೆ ಜನ ನಮ್ಮನ್ನೇ ಉಗಿಯುತ್ತಾರೆ ಅಂತ ಸುಂಕಮ್ಮ ಹೇಳಿದ್ದನ್ನೆಲ್ಲ ಒದರಿದೆ. ನಾನು ಅಲ್ಲಿ ಏನು ಕೇಳಿದ್ದೆ ಅನ್ನುವುದನ್ನು ಮಾತ್ರ ನುಂಗಿಕೊಂಡೆ.

ಹೇಮಾಳ ಮುಖ ಸಣ್ಣದಾಯಿತು. ಹೌದು, ಅದನ್ನು ಬರೆಯಬೇಕಿತ್ತು, ಚೀಲ ಹೋಗಲಿಕ್ಕಿಲ್ಲ ಅಂತ ಹೆದರಿದೆ ಅಂದಳು. ಸಾಹುಕಾರರು ಕಂಪ್ಲಿಯಿಂದ ಕಾರ್ಡು ತರಿಸಿದರು. ಅವಳು ಅದರ ಕೆಳಗೆ ಪೆನ್ನಿನಲ್ಲಿ ಬರೆದಳು: 'ಮೊದಲು ಮೂರು ದಿನ ಮೂಸಿ ಬಿಟ್ಟಿತ್ತು. ಹಳೆಯದರಲ್ಲಿ ದಿನಕ್ಕಿಷ್ಟು ಬೆರೆಸಿ, ಹತ್ತು ದಿನದಲ್ಲಿ ಬದಲಿಸಿ. ಫ್ಯಾಟ್ ನೋಡಲು ಮೂರು ವಾರ ಕಾಯಿರಿ.' ಎಮ್ಮೆ ಬಿಟ್ಟದ್ದನ್ನೂ ಬರೆಯುವ ಕಂಪನಿ ಯಾವುದಪ್ಪ ಅಂತ ಕಂಪ್ಲಿಯ ಜನ ಬೆರಗಾದರು. ಎರ್ರೆಪ್ಪನೇ ಎರಡು ಚೀಲ ಒಯ್ದ. ಹದಿನೈದು ದಿನ ಮುಗಿಯುವಷ್ಟರಲ್ಲಿ ಮೂವತ್ತಾರು ಚೀಲ ಹೋಗಿತ್ತು.

ಪಂದ್ಯದ ತೀರ್ಪಿನ ದಿನ ನಾನು ಗೋಡೌನಿನ ಬೀಗದ ಕೈ ತೆಗೆದುಕೊಳ್ಳಲು ಸಿದ್ಧನಾಗಿ ನಿಂತಿದ್ದೆ. ಹೇಮಾ ಅಂದಳು: "ಸಾಹುಕಾರ್ರೇ, ಮಾಲು ಹೋಗಿದ್ದು ಕಾರ್ಡಿನ ಕೆಳಗೆ ಆಮ್ಯಾಲೆ ಬರೆದ ಸಾಲಿಗೆ. ಅದನ್ನ ಹುಡುಕಿ ತಂದೋರು ಶಂಭಣ್ಣ. ಅವರನ್ನ ಬಿಟ್ಟು ನಾ ಒಬ್ಬಾಕಿ ಬರಿಯಂಗಿಲ್ಲ." ಸಾಹುಕಾರರು ನನ್ನ ಬೆನ್ನು ತಟ್ಟಿದರು. ನಾನೂ ನಿರ್ಲಜ್ಜನಂತೆ ತಟ್ಟಿಸಿಕೊಂಡೆ.

ಹೊರಗೆ ಬಂದ ಮೇಲೆ ಅವಳು ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಹೇಳಿದಳು: "ನೀವು ಹೋಗಿ ಏನು ಕೇಳಿದ್ರಿ ಅಂತ ಸುಂಕಮ್ಮ ಅವತ್ತೇ ಫೋನ್ ಮಾಡಿದ್ಲಣ್ಣ. ನಾ ಯಾರಿಗೂ ಹೇಳಿಲ್ಲ."

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಈಗ ದಿನಾ ಒಂದೇ ಮೇಜಿನಲ್ಲಿ ಅವಳ ಎದುರು ಕೂತು ಬರೆಯುತ್ತೇನೆ, ಹೊಟ್ಟೆಕಿಚ್ಚು ಮೊದಲಿಗಿಂತ ಜಾಸ್ತಿಯೇ ಇದೆ.