ಪರಿಶೀಲನೆಗೆ ಸಲ್ಲಿಸಿ

ನಮ್ಮ ಪತ್ರಿಕೆಯ ವೆಬ್‌ಸೈಟಿಗೆ ಏಳು ವರ್ಷ ಒಂದೇ ಖಾತೆ ಇತ್ತು. ಅದರ ಹೆಸರು ‘ಡೆಸ್ಕ್’. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪ್ರಿಂಟರಿನ ಪಕ್ಕದ ಕಂಬಕ್ಕೆ ಅಂಟಿಸಿದ್ದರು. ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು, ಯಾರ ಸುದ್ದಿಯನ್ನು ಬೇಕಾದರೂ ಯಾರು ಬೇಕಾದರೂ ತಿದ್ದಬಹುದಿತ್ತು. ಒಂದು ದಿನ ಅರ್ಧ ಬರೆದ ಸುದ್ದಿಯೊಂದು ಪ್ರಕಟವಾಗಿಬಿಟ್ಟಿತು. ಯಾರು ಹಾಕಿದ್ದು ಎಂದು ನೋಡಿದರೆ ಕಂಡದ್ದು ‘ಡೆಸ್ಕ್’ ಎಂಬ ಹೆಸರು. ಸಂಪಾದಕಿ ನನ್ನನ್ನು ಕರೆಸಿ, ಎಲ್ಲರಿಗೂ ಬೇರೆ ಬೇರೆ ಖಾತೆ ಮಾಡು, ಯಾರಿಗೆ ಎಷ್ಟು ಅಧಿಕಾರ ಅನ್ನೋದು ಮೊದಲೇ ನಿರ್ಧಾರವಾಗಲಿ ಎಂದರು.

ಆಫೀಸಿನ ಕಂಪ್ಯೂಟರುಗಳನ್ನೂ ವೆಬ್‌ಸೈಟನ್ನೂ ನೋಡಿಕೊಳ್ಳುವವನು ನಾನೊಬ್ಬನೇ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು. ಚೀಟಿ ಅಂಟಿಸದ ಬಾಟಲಿಯನ್ನು ಕಪಾಟಿಗೆ ಇಡಬಾರದು ಎಂಬ ಪಾಠ ಇನ್ನೂ ಕೈಯಲ್ಲಿದೆ. ಹಾಗಾಗಿ ಮೊದಲು ಒಂದು ಕೋಷ್ಟಕ ಮಾಡಿದೆ. ಎಡಿಟರ್ ಆದವರು ಎಲ್ಲರ ಬರಹವನ್ನೂ ತಿದ್ದಬಹುದು, ಪ್ರಕಟಿಸಬಹುದು, ತೆಗೆಯಬಹುದು. ಆಥರ್ ಆದವರು ತಮ್ಮದನ್ನು ಮಾತ್ರ ಬರೆದು ತಾವೇ ಪ್ರಕಟಿಸಬಹುದು, ಆಮೇಲೂ ತಿದ್ದಬಹುದು. ಕಾಂಟ್ರಿಬ್ಯೂಟರ್ ಆದವರು ಬರೆಯಬಹುದು, ಪ್ರಕಟಿಸುವಂತಿಲ್ಲ, ಫೋಟೊ ಏರಿಸುವಂತಿಲ್ಲ, ಎಡಿಟರ್ ಒಮ್ಮೆ ಪ್ರಕಟಿಸಿದ ಮೇಲೆ ತಮ್ಮ ಬರಹವನ್ನೇ ಮುಟ್ಟುವಂತಿಲ್ಲ. ಈ ಕೊನೆಯ ಸಾಲನ್ನು ನಾನೇ ಟೈಪ್ ಮಾಡಿದ್ದೆ. ಪರೀಕ್ಷೆಗೆಂದು ಒಂದು ನಕಲಿ ಖಾತೆ ಮಾಡಿ, ಅದು ನಿಜವೆಂದು ನೋಡಿಯೂ ಇದ್ದೆ.

ಆಫೀಸಿನ ಹದಿನಾಲ್ಕು ಜನರಲ್ಲಿ ಹದಿಮೂರು ಜನರ ಹೆಸರಿನ ಮುಂದೆ ಈ ಮೂರರಲ್ಲೊಂದು ರೋಲ್ ತುಂಬಿಸಿದೆ. ಹದಿನಾಲ್ಕನೆಯದು ಭಾವನ ಸಾಲು.

ಭಾವ ಎಂದರೆ ನನ್ನ ಅಕ್ಕನ ಗಂಡ. ಇಪ್ಪತ್ತಾರು ವರ್ಷದಿಂದ ಕೋರ್ಟಿನ ವರದಿಗಾರ. ಆಫೀಸಿನಲ್ಲಿ ಎಲ್ಲರಿಗೂ ಅವರು ‘ವಕೀಲರು’. ನನಗೆ ಈ ಕೆಲಸ ಕೊಡಿಸಿದ್ದೂ ಅವರೇ. ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು. ಹದಿಮೂರನೆಯ ದಿನ ಕಳೆದ ಮರುದಿನವೇ ಭಾವ ಕೆಲಸಕ್ಕೆ ಬಂದಿದ್ದರು. ಸಮಯಕ್ಕೆ ಸರಿಯಾಗಿ ವರದಿ ಕೊಡುತ್ತಿದ್ದರು. ಆದರೆ ವರದಿಯಲ್ಲಿ ಸಣ್ಣ ತಪ್ಪುಗಳು ಕಾಣತೊಡಗಿದ್ದವು. ತಾರೀಖು ಒಂದು ದಿನ ಆಚೀಚೆ. ವಾದಿ ಹೇಳಿದ್ದು ಪ್ರತಿವಾದಿಯ ಬಾಯಲ್ಲಿ.

“ಅವರದ್ದು ಕಾಂಟ್ರಿಬ್ಯೂಟರ್ ಮಾಡು,” ಎಂದರು ಸಂಪಾದಕಿ, ಕೋಷ್ಟಕದಿಂದ ತಲೆ ಎತ್ತದೆ.

“ಮೇಡಂ, ನಮ್ಮಲ್ಲಿ ಅವರೇ ಹಿರಿಯರು.”

“ಗೊತ್ತಪ್ಪ. ಹಿರಿಯರು ಅಂತಲೇ ನಾನು ಬೇರೆ ಏನೂ ಮಾಡಿಲ್ಲ. ಇನ್ನೊಬ್ಬರ ಕಣ್ಣಿಗೆ ಬಿದ್ದು ಪ್ರಕಟವಾಗಲಿ, ಅಷ್ಟೆ. ನೀನು ಹೇಳ್ತೀಯೋ, ನಾನು ಹೇಳಲೋ?”

“ನಾನೇ ಹೇಳ್ತೀನಿ.”

ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಕಂಬದ ಚೀಟಿಯನ್ನು ಕಿತ್ತೆ. ಟೇಪು ಅಂಟಿದ್ದ ಕಡೆ ಬಣ್ಣವೂ ಎದ್ದು ಬಂತು. ಹತ್ತು ಗಂಟೆಗೆ ಭಾವ ಲ್ಯಾಪ್‌ಟಾಪ್ ತೆರೆದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಏನೋ ಇದು? ‘ಪ್ರಕಟಿಸಿ’ ಅಂತ ಇರ್ತಿದ್ದ ಜಾಗದಲ್ಲಿ ‘ಪರಿಶೀಲನೆಗೆ ಸಲ್ಲಿಸಿ’ ಅಂತಿದೆ.”

“ಹೊಸ ವ್ಯವಸ್ಥೆ ಭಾವ. ಎಲ್ಲರಿಗೂ ಹಾಗೇ.”

“ಹೌದಾ? ಎಲ್ಲರಿಗೂನಾ?”

“ಎಲ್ಲರಿಗೂ.”

“ಸರಿ ಬಿಡು,” ಎಂದು ತಮ್ಮ ಜಾಗಕ್ಕೆ ಹೋದರು. ಬೇಸರವಾಯಿತೋ ಇಲ್ಲವೋ ಅವರ ಬೆನ್ನು ನೋಡಿ ತಿಳಿಯಲಿಲ್ಲ. ಆ ದಿನಗಳಲ್ಲಿ ನಮಗಿಬ್ಬರಿಗೂ ಯಾವುದೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಲ್ಲಿನ ವೈದ್ಯರು ಸೂಜಿ ಚುಚ್ಚಿದ ಮೇಲೆ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡುತ್ತೇವಲ್ಲ, ಹಾಗೆ. ಒತ್ತಿದ್ದು ಗೊತ್ತಾಗುತ್ತದೆ, ಅಷ್ಟೆ.

ಭಾವನ ವರದಿಗಳನ್ನು ನೋಡಿ ಪ್ರಕಟಿಸುವ ಕೆಲಸ ಉಪಸಂಪಾದಕಿಗೆ ಬಿತ್ತು. ಚುರುಕಿನ ಹುಡುಗಿ. ಆಫೀಸಿನಲ್ಲಿದ್ದ ಮೂವರು ಎಡಿಟರುಗಳಲ್ಲಿ ಅವಳೊಬ್ಬಳು; ಉಳಿದಿಬ್ಬರು ಸಂಪಾದಕಿ ಮತ್ತು ಸುದ್ದಿ ಸಂಪಾದಕರು. ರೋಲ್ ಕೊಟ್ಟ ದಿನ ಅವಳು ನನ್ನನ್ನು ‘ಬೀಗದವರೇ’ ಎಂದು ಕರೆಯಲು ಶುರು ಮಾಡಿದ್ದಳು.

“ಬೀಗದವರೇ, ವಕೀಲರ ಕಾಪಿಯನ್ನ ನಾನು ನೋಡೋದಾ? ನಾನು ಅಂಗನವಾಡಿಗೆ ಹೋಗ್ತಿದ್ದಾಗ ಅವರು ಕೋರ್ಟಿಗೆ ಹೋಗ್ತಿದ್ರು.”

“ಓದಿ ಪ್ರಕಟಿಸಿ, ಅಷ್ಟೆ.”

“ಅವರದ್ದರಲ್ಲಿ ಓದೋದೇನಿದೆ? ಬಂದ ತಕ್ಷಣ ಒತ್ತಿಬಿಡ್ತೀನಿ. ಅಷ್ಟು ಮರ್ಯಾದೆ ನಮಗೂ ಗೊತ್ತು.”

ಅವಳು ಹೇಳಿದ ಹಾಗೇ ಮಾಡುತ್ತಿದ್ದಳು. ಸಲ್ಲಿಕೆಯಾದ ಸಮಯ, ಪ್ರಕಟವಾದ ಸಮಯ ಎರಡೂ ನನಗೆ ಕಾಣುತ್ತಿದ್ದವು. ನಡುವೆ ಒಂದು ನಿಮಿಷ. ಕೆಲವೊಮ್ಮೆ ಅಷ್ಟೂ ಇರುತ್ತಿರಲಿಲ್ಲ. ಕಂಡೂ ನಾನು ಮಾತಾಡಲಿಲ್ಲ. ನಾನು ಮಾಡಿಟ್ಟ ನಿಯಮಗಳ ಹಾಳೆಯಲ್ಲಿ ‘ತಾಂತ್ರಿಕ ಸಿಬ್ಬಂದಿ ಬರಹದ ವಿಷಯಕ್ಕೆ ಕೈ ಹಾಕುವಂತಿಲ್ಲ’ ಎಂದು ಬರೆದಿದ್ದೆ. ಅದು ಮಾತಿಗೂ ಅನ್ವಯಿಸುತ್ತದೆ ಎಂದುಕೊಂಡೆ.

ಎರಡನೆಯ ವಾರದ ಗುರುವಾರ ಗೋದಾಮಿನ ಕಳ್ಳತನದ ಮೊಕದ್ದಮೆಯ ತೀರ್ಪು ಬಂತು. ಆರೋಪಿಗಳು ಇಬ್ಬರು: ಕಾವಲುಗಾರ ಮತ್ತು ಮ್ಯಾನೇಜರ್. ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ ಭಾವ ವರದಿ ಸಲ್ಲಿಸಿದರು. ಹನ್ನೆರಡು ಒಂಬತ್ತಕ್ಕೆ ಅದು ಪ್ರಕಟವಾಯಿತು.

ಹನ್ನೆರಡು ನಲವತ್ತಕ್ಕೆ ಭಾವ ನನ್ನ ಮುಂದೆ ನಿಂತಿದ್ದರು. ಎಡಗೈಯಲ್ಲಿ ಲ್ಯಾಪ್‌ಟಾಪ್, ಬಲಗೈಯಲ್ಲಿ ಫೋನು.

“ಆ ಕಾವಲುಗಾರನ ಮಗಳು ಫೋನ್ ಮಾಡಿದ್ಲು. ‘ಅಪ್ಪ ಬಿಡುಗಡೆಯಾಗಿ ನನ್ನ ಪಕ್ಕದಲ್ಲೇ ಕೂತಿದ್ದಾರೆ, ನೀವು ಎರಡು ವರ್ಷ ಜೈಲಿಗೆ ಹಾಕಿಬಿಟ್ಟಿದ್ದೀರಲ್ಲ’ ಅಂತಾಳೆ. ಅದಲುಬದಲು ಮಾಡಿಬಿಟ್ಟಿದ್ದೀನಿ. ನಾನೇ ಕೇಳಿದ್ದು ತೀರ್ಪು, ಈ ಕಿವಿಯಲ್ಲೇ.” ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟರು. “ತಿದ್ದೋಣ ಅಂದ್ರೆ ಇಲ್ಲಿ ‘ತಿದ್ದಿ’ ಅನ್ನೋದೇ ಇಲ್ಲ. ನೋಡೋದು ಮಾತ್ರ ಇದೆ.”

ಅವರ ವರದಿಗಳ ಪಟ್ಟಿ ತೆರೆದಿತ್ತು. ಹೌದು, ಆ ಶೀರ್ಷಿಕೆಯ ಕೆಳಗೆ ‘ನೋಡಿ’ ಎಂಬುದೊಂದೇ ಪದ. ಕೋಷ್ಟಕದ ಕೊನೆಯ ಸಾಲು.

“ಉಪಸಂಪಾದಕಿಗೆ ಹೇಳಿದ್ರಾ?”

“ಊಟಕ್ಕೆ ಹೋಗಿದ್ದಾಳೆ. ಅವಳ ಫೋನು ಮೇಜಿನ ಮೇಲೇ ಚಾರ್ಜಿಗಿದೆ, ನಾನು ಮಾಡಿದ್ರೆ ಅಲ್ಲೇ ಕುಣಿಯತ್ತೆ. ಮೇಡಂ ಮಾಲೀಕರ ಜೊತೆ ಮೀಟಿಂಗಲ್ಲಿದ್ದಾರೆ, ಫೋನ್ ಆಫ್. ಸುದ್ದಿ ಸಂಪಾದಕರಿಗೆ ರಜ.” ಭಾವನ ದನಿ ಏರಿರಲಿಲ್ಲ. ತೀರ್ಪು ಓದುವವರ ಹಾಗೆ ಹೇಳುತ್ತಿದ್ದರು. “ಆ ಮನುಷ್ಯ ನಾಳೆಯಿಂದ ಒಂದು ಶಾಲೆಯಲ್ಲಿ ಕಾವಲಿಗೆ ಸೇರಬೇಕಂತೆ. ಶಾಲೆಯವರು ಆಗಲೇ ಓದಿ ಫೋನ್ ಮಾಡಿದ್ರಂತೆ.”

ನಾನು ಅಡ್ಮಿನ್. ಎಲ್ಲ ಬಾಗಿಲೂ ನನಗೆ ತೆರೆಯುತ್ತವೆ. “ನಾನೇ ಬದಲಾಯಿಸಿಬಿಡಲಾ?” ಎಂದೆ.

“ಬೇಡ. ನನ್ನ ತಪ್ಪು, ನಾನೇ ತಿದ್ತೀನಿ. ಬಾಗಿಲು ತೆಗಿ.”

ಬಳಕೆದಾರರ ಪಟ್ಟಿಯಲ್ಲಿ ಭಾವನ ಹೆಸರು ಹುಡುಕಿದೆ. ಎದುರಿಗೆ ಕಾಂಟ್ರಿಬ್ಯೂಟರ್ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ ಕ್ರೀಡಾ ವರದಿಗಾರ, ಆಥರ್. ಕೆಳಗಿನ ಸಾಲಿನಲ್ಲಿ ಸಿನಿಮಾ ಬರೆಯುವವನು, ಆಥರ್. ಭಾವ ನನ್ನ ಭುಜದ ಹಿಂದೆಯೇ ನಿಂತಿದ್ದರು. ಕನ್ನಡಕ ಹಾಕಿಕೊಂಡಿದ್ದರು.

ರೋಲನ್ನು ಆಥರ್ ಎಂದು ಬದಲಾಯಿಸಿ ಉಳಿಸಿದೆ. “ಪುಟ ಇನ್ನೊಮ್ಮೆ ತೆರೀರಿ ಭಾವ.”

ತೆರೆದರು. ‘ತಿದ್ದಿ’ ಬಂದಿತ್ತು. ನಿಂತುಕೊಂಡೇ ಎರಡು ಬೆರಳಿನಲ್ಲಿ ಟೈಪ್ ಮಾಡಿದರು. ಶೀರ್ಷಿಕೆ, ಮೊದಲ ಪ್ಯಾರಾ, ಮೂರನೇ ಪ್ಯಾರಾ. ಕೊನೆಯಲ್ಲಿ, ಮೊದಲು ಪ್ರಕಟವಾದ ವರದಿಯಲ್ಲಿ ಖುಲಾಸೆಯಾದವರಿಗೆ ಶಿಕ್ಷೆಯಾಗಿದೆ ಎಂದು ತಪ್ಪಾಗಿ ಬರೆಯಲಾಗಿತ್ತು, ವಿಷಾದಿಸುತ್ತೇವೆ ಎಂದು ಸೇರಿಸಿದರು. ‘ನವೀಕರಿಸಿ’ ಒತ್ತಿದಾಗ ಹನ್ನೆರಡು ಐವತ್ತೆರಡು. ತಪ್ಪು ನಲವತ್ತಮೂರು ನಿಮಿಷ ಲೋಕದಲ್ಲಿತ್ತು. ಶಾಲೆಗೂ ಮಗಳಿಗೂ ಭಾವ ಅಲ್ಲಿಂದಲೇ ಫೋನ್ ಮಾಡಿದರು. ಎರಡು ಕಡೆಯೂ ಒಂದೇ ವಾಕ್ಯ: “ತಪ್ಪು ನನ್ನದು, ಈಗ ಸರಿಯಾಗಿದೆ, ಇನ್ನೊಮ್ಮೆ ಓದಿ.” ಶಾಲೆಯವರು ನೋಡುತ್ತೇವೆ ಎಂದರಂತೆ.

ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

“ಎಲ್ಲರಿಗೂ ಹಾಗೇ ಅಂದ್ಯಲ್ಲ.”

“ಅಂದೆ.”

“ನಿಮ್ಮಕ್ಕನಿಗೂ ಆಸ್ಪತ್ರೆಯಲ್ಲಿ ಇದನ್ನೇ ಹೇಳ್ತಿದ್ವಿ. ನಾನೂ, ನೀನೂ. ಈ ಔಷಧಿ ಕೊಟ್ರೆ ಎಲ್ಲರಿಗೂ ಹಾಗೇ ಆಗತ್ತೆ ಅಂತ.” ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. “ಅವಳು ಒಂದು ದಿನವೂ ನಂಬಲಿಲ್ಲ ಬಿಡು. ನಾನು ನಂಬಿದೆ, ನೋಡು.”

ನಾನು ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿದೆ.

“ನನ್ನ ಕಾಪಿಯಲ್ಲಿ ಮೊದಲೆಲ್ಲ ಯಾಕೆ ತಪ್ಪು ಇರ್ತಿರಲಿಲ್ಲ ಗೊತ್ತಾ? ಕಳಿಸೋ ಮುಂಚೆ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅವಳಿಗೆ ಫೋನಲ್ಲಿ ಓದ್ತಿದ್ದೆ. ದಿನಾ. ‘ನಿಲ್ಲಿ, ನಿಲ್ಲಿ, ಬಿಟ್ಟಿದ್ದು ಯಾರನ್ನ, ಹಿಡಿದಿದ್ದು ಯಾರನ್ನ, ಇನ್ನೊಂದ್ಸಲ ಹೇಳಿ’ ಅಂತಿದ್ಲು. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಬೈಕೊಂಡೇ ಕೇಳ್ತಿದ್ಲು.”

ಇದು ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ಹೆಸರಿನ ನನ್ನ ಕೋಷ್ಟಕದಲ್ಲಿ ಇಲ್ಲದ ಒಬ್ಬಳು ಇಪ್ಪತ್ತೈದು ವರ್ಷ ಈ ಪತ್ರಿಕೆಯ ಕೋರ್ಟು ವರದಿಯನ್ನು ನೋಡಿದ್ದಳು. ಈಗಲೂ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಎಷ್ಟು ವರ್ಷ, ವರ್ಷಕ್ಕೆ ಎಷ್ಟು ವರದಿ ಎಂದು ಮನಸ್ಸು ಸುಮ್ಮನೆ ಗುಣಿಸಿತು.

“ನಿಮ್ಮನ್ನ ಆಥರ್ ಆಗೇ ಇರಿಸ್ತೀನಿ ಭಾವ. ಮೇಡಂ ಹತ್ರ ನಾನು ಮಾತಾಡ್ತೀನಿ.”

“ಬೇಡ. ವಾಪಸ್ ಹಾಕು.”

“ಭಾವ...”

“ವಾಪಸ್ ಹಾಕೋ ಮಹಾರಾಯ. ನಾನು ಬರೆದಿದ್ದನ್ನ ನಾನೇ ಓದಿದ್ರೆ ಈಗ ಅಕ್ಷರ ಕಾಣತ್ತೆ, ಒಳಗೆ ಇಳಿಯಲ್ಲ. ಯಾರಾದ್ರೂ ಓದಬೇಕು. ಆದ್ರೆ ಓದಬೇಕು ಕಣೋ. ನಿನ್ನ ಬೀಗಕ್ಕೆ ನಾನು ತಪ್ಪು ಬರೆದಿದ್ದು ಗೊತ್ತಾಗಲಿಲ್ಲ, ಸರಿ ಮಾಡೋಕೆ ಬಂದಾಗ ಮಾತ್ರ ನನ್ನನ್ನ ಹಿಡಿದು ನಿಲ್ಲಿಸ್ತು.”

ಉಪಸಂಪಾದಕಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಹನ್ನೊಂದು ಮಿಸ್ಡ್ ಕಾಲ್ ನೋಡಿ ನೇರ ನಮ್ಮ ಹತ್ತಿರ ಓಡಿ ಬಂದಳು. ಆದದ್ದನ್ನು ಹೇಳಿದೆ.

“ವಕೀಲರೇ, ನಾನು ಓದಲೇ ಇಲ್ಲ. ನಿಮ್ಮದು ಅಂತ...”

“ಗೊತ್ತಮ್ಮ. ಮರ್ಯಾದೆ ಕೊಟ್ಟೆ. ನಾಳೆಯಿಂದ ಮರ್ಯಾದೆ ಕೊಡಬೇಡ, ಬೈಕೊಂಡು ಓದು.”

ನಾನು ಭಾವನ ಹೆಸರಿನ ಮುಂದೆ ಮತ್ತೆ ಕಾಂಟ್ರಿಬ್ಯೂಟರ್ ಆರಿಸಿ ಉಳಿಸಿದೆ. ಬಳಕೆದಾರರ ಮಾಹಿತಿ ನವೀಕರಿಸಲಾಗಿದೆ ಎಂಬ ಹಸಿರು ಗೆರೆ ಬಂತು. ರೋಲ್ ಬದಲಿಸಿದ ಎರಡೂ ಸಮಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮೀಟಿಂಗ್ ಮುಗಿಸಿ ಬಂದ ಸಂಪಾದಕಿಗೆ ತೋರಿಸಿದೆ. ಭಾವನಿಗೆ ಹೇಳುತ್ತೇನೆಂದು ಹೇಳಿ ನಾನು ಹೇಳಿರಲಿಲ್ಲ ಎಂಬುದನ್ನೂ ತಿಳಿಸಿದೆ. ಅವರು ನೋಟ್‌ಬುಕ್ಕನ್ನು ಎರಡು ಸಲ ಓದಿದರು. ಇನ್ನು ಮೇಲೆ ಮೂವರು ಎಡಿಟರುಗಳಲ್ಲಿ ಒಬ್ಬರಾದರೂ ಫೋನು ಕೈಯಲ್ಲಿ ಹಿಡಿದಿರಬೇಕು ಎಂದು ನಿಯಮಗಳ ಹಾಳೆಗೆ ಸೇರಿಸು ಎಂದರು.

ಮರುದಿನ ಹನ್ನೆರಡೂವರೆಗೆ ಭಾವ ಕೋರ್ಟಿನಿಂದ ಫೋನ್ ಮಾಡಿದ್ದು ನನಗಲ್ಲ, ಉಪಸಂಪಾದಕಿಗೆ. ಅವಳ ಪರದೆಯಲ್ಲಿ, ಪರಿಶೀಲನೆಗೆ ಬಾಕಿ ಎಂಬುದರ ಮುಂದೆ, ಒಂದು ಎಂದಿತ್ತು. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬೆರಳನ್ನು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಸುತ್ತಿದ್ದಳು.

“ನಿಲ್ಲಿ ವಕೀಲರೇ, ನಿಲ್ಲಿ. ಎರಡನೇ ಪ್ಯಾರಾ. ಜಾಮೀನು ಸಿಕ್ಕಿದ್ದು ಅಣ್ಣನಿಗೋ ತಮ್ಮನಿಗೋ? ಇನ್ನೊಂದ್ಸಲ ಹೇಳಿ.”

ಆ ಕಡೆಯಿಂದ ತುಂಬ ಹೊತ್ತು ಉತ್ತರ ಬರಲಿಲ್ಲವೆಂದು ಕಾಣುತ್ತದೆ. ಅವಳು ಫೋನನ್ನು ಕೈಗೆ ತೆಗೆದುಕೊಂಡು ಪರದೆ ನೋಡಿದಳು.

“ಹಲೋ? ಇದ್ದೀರಾ?”

ಇದ್ದರು. ಅವಳು ತಲೆಯಾಡಿಸಿ, ಒಂದು ಪದ ಅಳಿಸಿ ಇನ್ನೊಂದು ಬರೆದಳು. ‘ಪ್ರಕಟಿಸಿ’ ಒತ್ತಲಿಲ್ಲ. ಮೂರನೇ ಪ್ಯಾರಾಕ್ಕೆ ಬೆರಳು ಇಳಿಸಿದಳು.