ಒದ್ದೆ ಜಾಲರಿ

ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಮೂರನೇ ಮಹಡಿಯ ಕೋಣೆಗಳನ್ನೆಲ್ಲ ಗುಡಿಸಿ ಒರೆಸುವ ಹೆಂಗಸಿಗೆ ಅಲ್ಲಿನವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ. ಗೌರವಕ್ಕಲ್ಲ, ಕೆಲಸ ಹೇಳುವುದಕ್ಕೆ ಅನುಕೂಲ ಅಂತ. ಆವತ್ತು ಹನ್ನೊಂದು ಗಂಟೆಗೆ ದೊಡ್ಡಕ್ಕ ಬಕೆಟ್ಟು ಹಿಡಿದು ಒಂಬತ್ತನೇ ನಂಬರಿನ ಬಾಗಿಲು ತಟ್ಟಿದಾಗ ಅಲ್ಲಿ ಮೂರು ದಿನದಿಂದ ಇಳಿದುಕೊಂಡಿದ್ದ ಮಗುವಿನ ತಾಯಿ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲವೆಂದು ಮುಖವೇ ಹೇಳುತ್ತಿತ್ತು.

"ದೊಡ್ಡಕ್ಕ, ಒಂದು ಮಾತು ಕೇಳ್ತೀನಿ. ಪುಟ್ಟಿ ವರಾಂಡದಲ್ಲಿ ಕೆಮ್ಮಲ್ಲ. ಆಸ್ಪತ್ರೆಯಲ್ಲಿ ಕೆಮ್ಮಲ್ಲ. ಈ ರೂಮಿಗೆ ಬಂದು ಎಸಿ ಹಾಕಿದ ಹತ್ತು ನಿಮಿಷಕ್ಕೇ ಶುರುವಾಗುತ್ತೆ. ಯಾಕೆ?"

ಐದು ವರ್ಷದ ಪುಟ್ಟಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಬೊಂಬೆಯ ಕೂದಲು ಬಾಚುತ್ತಿದ್ದಳು. ಅವಳ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ತೂತು. ನಾಳೆ ಬೆಳಿಗ್ಗೆ ಅದನ್ನು ಮುಚ್ಚುವ ಆಪರೇಷನ್. ಹಿಂದೆ ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ನೆಗಡಿ ಕೆಮ್ಮು ಎಂದು ಮುಂದಕ್ಕೆ ಹೋಗಿತ್ತು. ಇವತ್ತು ಸಂಜೆ ಐದಕ್ಕೆ ಅರಿವಳಿಕೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳುತ್ತಾರೆ. ಎದೆ ಚೊಕ್ಕವಾಗಿದ್ದರೆ ನಾಳೆ ಆಪರೇಷನ್, ಇಲ್ಲದಿದ್ದರೆ ಇಲ್ಲ. ಇದು ಮೂರನೇ ಮಹಡಿಗೆಲ್ಲ ಗೊತ್ತಿದ್ದ ವಿಷಯ.

"ಏನೋ ಒಂಥರಾ ಮುಗ್ಗಲು ವಾಸನೆ," ಎಂದಳು ತಾಯಿ. "ನೀವು ಆ ಸೆಂಟು ಹೊಡೆದಾಗ ಪರವಾಗಿಲ್ಲ ಅನ್ಸುತ್ತೆ. ಪಾಪ, ದಿನಾ ಮರೀದೆ ಹೊಡೀತೀರಿ. ಇವತ್ತು ಸ್ವಲ್ಪ ಜಾಸ್ತೀನೇ ಹೊಡೆದುಬಿಡಿ. ನಾವು ರಕ್ತ ಪರೀಕ್ಷೆ ಮಾಡಿಸಿ ಮೂರು ಗಂಟೆಗೆ ಬರ್ತೀವಿ. ಅವಳು ಎರಡು ತಾಸು ನೆಮ್ಮದಿಯಾಗಿ ಮಲಗಿ ಎದ್ದರೆ ಸಾಕು."

ದೊಡ್ಡಕ್ಕ ಕೈಯಲ್ಲಿದ್ದ ಸೆಂಟಿನ ಡಬ್ಬಿಯನ್ನು ಸೆರಗಿನ ಮರೆಗೆ ಸರಿಸಿದಳು. "ಆಯ್ತಮ್ಮ, ಹೋಗಿಬನ್ನಿ" ಎಂದಳು.

ಆ ವಾಸನೆ ಎಲ್ಲಿಂದ ಬಂತು ಎನ್ನುವುದು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮೂರು ವಾರದ ಹಿಂದೆ ಇದೇ ಎಸಿಯ ಫಿಲ್ಟರು ತೊಳೆದಿದ್ದಳು. ಕೆಳಗೆ ಗಿರಾಕಿಗಳು ಸಾಲು ನಿಂತಿದ್ದರು, ಮ್ಯಾನೇಜರ್ ಫೋನಿನ ಮೇಲೆ ಫೋನು ಮಾಡುತ್ತಿದ್ದ. ನೀರು ತೊಟ್ಟಿಕ್ಕುತ್ತಿದ್ದ ಜಾಲರಿಗಳನ್ನು ಹಾಗೇ ಒಳಕ್ಕೆ ತುರುಕಿ ಮುಚ್ಚಳ ಹಾಕಿದ್ದಳು. ಒಣಗಿಕೊಳ್ಳುತ್ತೆ ಬಿಡು ಅಂತ. ಆ ಗಿರಾಕಿ ಎರಡೇ ತಾಸಿಗೆ ಖಾಲಿ ಮಾಡಿ ಹೋದ. ಕೋಣೆ ನಾಲ್ಕು ದಿನ ಬಾಗಿಲು ಹಾಕಿಕೊಂಡು ಬಿತ್ತು. ಮತ್ತೆ ತೆರೆದಾಗ ಒದ್ದೆ ಬಟ್ಟೆ ಮೂಟೆ ಕಟ್ಟಿಟ್ಟ ವಾಸನೆ. ಬಿಚ್ಚಿ ನೋಡಬೇಕಿತ್ತು. ನೋಡಲಿಲ್ಲ. ದಿನಾ ಬೆಳಿಗ್ಗೆ ಗಾಳಿ ಬರುವ ಪಟ್ಟಿಗಳ ಸಂದಿಗೆ, ಮೇಲಿನ ಜಾಲರಿಗೆ, ಮಲ್ಲಿಗೆ ವಾಸನೆಯ ಸೆಂಟು ಹೊಡೆಯುತ್ತಾ ಬಂದಳು.

ತಾಯಿ ಮಗಳು ಮೆಟ್ಟಿಲಿಳಿದದ್ದೇ ತಡ, ಅವಳು ಎಸಿಯ ಸ್ವಿಚ್ಚು ಆರಿಸಿದಳು. ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನೂ ಇಳಿಸಿದಳು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸ್ಟೂಲು ಹತ್ತಿ, ಮುಂದಿನ ಮುಚ್ಚಳವನ್ನು ಎರಡೂ ಬದಿಯಿಂದ ಹಿಡಿದು ಮೇಲೆತ್ತಿದಳು. ಅದು ಟಕ್ಕೆಂದು ನಿಂತಿತು. ಒಳಗಿನ ಎರಡು ಜಾಲರಿಗಳ ಕಣ್ಣೇ ಕಾಣುತ್ತಿರಲಿಲ್ಲ. ಬರೀ ಧೂಳಾಗಿದ್ದರೆ ಕಂಬಳಿಯ ಹಾಗೆ ಎದ್ದು ಬರುತ್ತಿತ್ತು. ಇದು ಸೆಂಟಿನ ಜಿಗುಟಿಗೆ ಮೆತ್ತಿ, ಬೂದಿ ಬಣ್ಣದ ಗೊಜ್ಜಾಗಿ ಕೂತಿತ್ತು. ಕೆಳಗೆ ಗಾಳಿ ತಿರುಗಿಸುವ ಪಟ್ಟಿಗಳ ಒಳಮೈಯಲ್ಲಿ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಅದು ಬೂಸಲು. ಮೂರು ದಿನದಿಂದ ಆ ಕೂಸು ಅದರ ಮೇಲಿಂದ ಬಂದ ಗಾಳಿಯನ್ನೇ ಎಳೆದುಕೊಂಡಿದೆ.

"ಅಯ್ಯೋ ನನ್ನ ಕೈ ಸೇದಿಹೋಗ!" ಎಂದು ತನ್ನನ್ನೇ ಶಪಿಸಿಕೊಂಡಳು. ಶಾಪ ಹಾಕಿಕೊಳ್ಳುವುದಕ್ಕೂ ಪುರುಸೊತ್ತು ಬೇಕು. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

ಕಿಟಕಿ ತೆರೆದು, ಹಾಸಿಗೆಯ ಮೇಲೆ ಹಳೇ ಚಾದರ ಹೊದಿಸಿ, ಜಾಲರಿಗಳನ್ನು ಸ್ವಲ್ಪ ಮೇಲೆತ್ತಿ ಕೆಳಕ್ಕೆಳೆದು ಬಚ್ಚಲಿಗೆ ಒಯ್ದಳು. ನೀರನ್ನು ಧೂಳು ಕೂತ ಕಡೆಯಿಂದ ಬಿಟ್ಟರೆ ಕೊಳೆ ಕಣ್ಣುಗಳೊಳಕ್ಕೇ ಇಳಿಯುತ್ತದೆ. ಬೆನ್ನ ಕಡೆಯಿಂದ ಬಿಟ್ಟರೆ ಕಳಚಿ ಬೀಳುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿ, ಮೆತ್ತಗಿನ ಬ್ರಷ್ಷಿನಿಂದ ಆಡಿಸಿ, ಮತ್ತೆ ಬೆನ್ನಿಗೆ ನೀರು. ಮೂರು ಸಲ ಕಪ್ಪು ನೀರು ಹೋಯಿತು, ನಾಲ್ಕನೇ ಸಲಕ್ಕೆ ತಿಳಿಯಾಯಿತು. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ, ಒದರಿ, ಟವೆಲಿನ ಮಧ್ಯೆ ಇಟ್ಟು ಒತ್ತಿ, ವರಾಂಡದ ನೆರಳಿಗೆ ಒರಗಿಸಿದಳು. ಬಿಸಿಲಿಗಿಟ್ಟರೆ ಚೌಕಟ್ಟು ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ.

ಆಮೇಲೆ ಪಟ್ಟಿಗಳು. ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಒಂದೊಂದನ್ನೂ ಬೆರಳಿನಿಂದ ಹಿಡಿದು ಒರೆಸಿದಳು. ಸಂದಿಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಬಟ್ಟೆ ಸುತ್ತಿ ತೂರಿಸಿದಳು. ಒಳಗೆ ಎಲ್ಲೂ ನೀರು ಚಿಮುಕಿಸಲಿಲ್ಲ, ಅಲ್ಲಿ ಕರೆಂಟಿನ ತಂತಿಗಳಿವೆ. ಒದ್ದೆ ಬಟ್ಟೆಯ ಹಿಂದೆ ಒಣಬಟ್ಟೆ. ಭುಜ ಹಿಡಿದುಕೊಂಡಿತು, ಕಣ್ಣಿಗೆ ಬೆವರಿಳಿಯಿತು, ಒಂದು ಚುಕ್ಕೆಯನ್ನೂ ಬಿಡಲಿಲ್ಲ. ಅದರಾಚೆ ಗಾಳಿ ನೂಕುವ ಉರುಳೆಯ ಅಂಚಿನಲ್ಲೂ ಸ್ವಲ್ಪ ಕಪ್ಪು ಕಂಡಿತು. ಅದಕ್ಕೆ ಅವಳ ಕೈ ಹೋಗುವುದಿಲ್ಲ. ಮೆಕ್ಯಾನಿಕ್ಕನಿಗೆ ಫೋನು ಮಾಡಿದಳು. "ನಾಳಿದ್ದು ಬರ್ತೀನಿ ಕಣಕ್ಕ" ಎಂದ. ಅವನ ನಾಳಿದ್ದಿಗೆ ಬೆಂಕಿ ಬೀಳಲಿ.

ಎರಡೂವರೆಗೆ ಜಾಲರಿ ಮುಟ್ಟಿ ನೋಡಿದಳು. ತಣ್ಣಗಿತ್ತು. ಕಣ್ಣುಗಳ ತುಂಬ ಸಣ್ಣ ಸಣ್ಣ ಹನಿ.

ಕಿಟಕಿ ತೆಗೆದಿಟ್ಟು ಮಗುವನ್ನು ಮಲಗಿಸೋಣವೆಂದರೆ ಪಕ್ಕದಲ್ಲೇ ಹಳೇ ಕಟ್ಟಡ ಒಡೆಯುತ್ತಿದ್ದಾರೆ, ಸುಣ್ಣದ ಪುಡಿ ಮುಗಿಲಾಗಿ ನುಗ್ಗುತ್ತದೆ. ಮುಚ್ಚಿಟ್ಟರೆ ಕೋಣೆ ಕಾದ ಕಾವಲಿ, ಆ ಮಗುವಿನ ಎದೆ ಸೆಕೆ ತಡೆಯುವುದಿಲ್ಲ. ಬೇರೆ ಕೋಣೆ ಒಂದೂ ಖಾಲಿಯಿಲ್ಲ. ಹಾಗೇ ಹಾಕಿಬಿಡು, ಎರಡು ತಾಸಿನ ಮಾತು ತಾನೇ, ಎಂದು ಮೂರು ವಾರದ ಹಿಂದೆ ಮಾತಾಡಿದ್ದ ಅದೇ ದನಿ ಕಿವಿಯಲ್ಲಿ ಹೇಳಿತು. ಜಾಲರಿಯನ್ನು ಎತ್ತಿಕೊಂಡು ಸ್ಟೂಲಿನ ತನಕ ಹೋಗಿಯೂ ಬಿಟ್ಟಳು.

ಆಗ ನೆನಪಾದದ್ದು ಮ್ಯಾನೇಜರನ ಕೋಣೆ. ಅವನಿಗೆ ಧೂಳೆಂದರೆ ಸೀನು. ಪ್ರತಿ ಬುಧವಾರ ತನ್ನ ಎಸಿಯ ಜಾಲರಿಗಳನ್ನು ಅವಳಿಂದ ತೊಳೆಸಿ, ಅರ್ಧ ದಿನ ಒಣಗಿಸಿ, ತನ್ನ ಕೆನ್ನೆಗೆ ಒತ್ತಿ ತೇವ ನೋಡಿಯೇ ಹಾಕಿಸುತ್ತಿದ್ದ. ನಿನ್ನೆ ಬುಧವಾರ. ಎಸಿಗಳೆಲ್ಲ ಒಂದೇ ಕಂಪನಿಯವು, ಒಂದೇ ಅಳತೆ. ಅವನು ಬ್ಯಾಂಕಿಗೆ ಹೋಗಿದ್ದ. ದೊಡ್ಡಕ್ಕ ಮೂರು ಮಹಡಿ ಇಳಿದಳೋ ಹಾರಿದಳೋ. ಅವನ ಎಸಿಯ ಬಾಯಿ ತೆರೆದು, ಗರಿಗರಿಯಾಗಿ ಒಣಗಿದ್ದ ಎರಡು ಜಾಲರಿ ಕಿತ್ತುಕೊಂಡು, ರಿಮೋಟಿನ ಕೆಳಗೆ "ಎಸಿ ಹಾಕಬೇಡಿ" ಎಂದು ಚೀಟಿ ಇಟ್ಟು ಮೇಲೆ ಓಡಿದಳು. ಅವನ್ನು ಕೂರಿಸಿ, ಕಿಟಕಿ ಮುಚ್ಚಿ, ನೆಲ ಒರೆಸಿ, ಒಳಗಿನ ತೇವ ಹೋಗಲೆಂದು ಮೇನ್ ಸ್ವಿಚ್ಚು ಏರಿಸಿ ಎಸಿಯನ್ನು ಬರೀ ಫ್ಯಾನಿನಲ್ಲಿ ಓಡಿಸಿ ಕೆಳಗೇ ನಿಂತು ಮೂಸಿದಳು. ಮಲ್ಲಿಗೆಯಿಲ್ಲ, ಮುಗ್ಗಲಿಲ್ಲ.

ಮೂರೂ ಹತ್ತಕ್ಕೆ ಬಂದವರು ಬಾಗಿಲಲ್ಲೇ ನಿಂತರು. "ವಾಸನೆಯೇ ಇಲ್ವಲ್ಲ!" ಎಂದಳು ತಾಯಿ. ಪುಟ್ಟಿ ಬೊಂಬೆಯನ್ನು ತಬ್ಬಿ ಮಲಗಿದಳು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ತಾಯಿ ವರಾಂಡಕ್ಕೆ ಬಂದು ದೊಡ್ಡಕ್ಕನ ಸೋಪು ನಾರುವ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಏನ್ ಮಾಡಿದ್ರೋ ಗೊತ್ತಿಲ್ಲ. ನೀವು ನನಗೆ ಒಡಹುಟ್ಟಿದ ಅಕ್ಕ." ಆಗಲೇ ಹೇಳಬಹುದಿತ್ತು. ದೊಡ್ಡಕ್ಕ ಹೇಳಲಿಲ್ಲ. ಆ ಹಿತ ಇನ್ನಷ್ಟು ಹೊತ್ತು ಇರಲಿ ಎನಿಸಿತು ಅವಳಿಗೆ, ಅಷ್ಟೇ.

ನಾಲ್ಕಕ್ಕೆ ಮ್ಯಾನೇಜರ್ ಚೀಟಿ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದ. "ನನ್ನ ಫಿಲ್ಟರ್ ಕದ್ದಿದೀಯಾ? ತಲೆ ನೆಟ್ಟಗಿದೆಯಾ?"

"ಮೆಲ್ಲಗೆ ಸಾರ್, ಮಗು ಮಲಗಿದೆ. ಕೆಲಸದಿಂದ ತೆಗೀರಿ ಬೇಕಾದ್ರೆ. ಅದನ್ನ ಮಾತ್ರ ಕೊಡಲ್ಲ."

ಅವನು ಬಾಗಿಲ ಸಂದಿಯಿಂದ ಇಣುಕಿ ನೋಡಿದ. ಒರಗಿಸಿಟ್ಟ ಒದ್ದೆ ಜಾಲರಿಯನ್ನು ಬೆರಳಿನಿಂದ ಮುಟ್ಟಿ, ಸೀನುತ್ತಾ ಇಳಿದುಹೋದ.

ಐದಕ್ಕೆ ತಾಯಿ ಮಗಳು ನಗುತ್ತಾ ಹೋದರು. ಆರೂ ಕಾಲಿಗೆ ತಾಯಿ ನಿದ್ದೆಹೋದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಹತ್ತುತ್ತಿದ್ದ ಆ ಹೆಜ್ಜೆಯಲ್ಲೇ ದೊಡ್ಡಕ್ಕನಿಗೆ ತಿಳಿದುಹೋಯಿತು. ಮಗುವನ್ನು ಮಲಗಿಸಿ ತಾಯಿ ನೆಲದ ಮೇಲೆ ಕುಸಿದು ಕೂತಳು.

"ಎದೆಯಲ್ಲಿ ಇನ್ನೂ ಸುಂಯ್ ಅನ್ನುತ್ತಂತೆ. ಒಂದು ದಿನದ್ದಲ್ಲ, ಮೂರು ನಾಲ್ಕು ದಿನದಿಂದ ಏನೋ ತಾಗಿದೆ ಅಂದರು. ಒಂದು ತಿಂಗಳು ಬಿಟ್ಟು ಬನ್ನಿ ಅಂದರು. ಊರಿಂದ ಹೊರಡುವಾಗ ಚೆನ್ನಾಗಿದ್ದಳು ದೊಡ್ಡಕ್ಕ! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು ಕರಕೊಂಡು ಬಂದೆ. ನಾನೇನು ತಪ್ಪು ಮಾಡಿದೆ?"

"ನೀವಲ್ಲಮ್ಮ," ಎಂದಳು ದೊಡ್ಡಕ್ಕ. ಆಮೇಲೆ ಎಲ್ಲ ಹೇಳಿದಳು. ಒದ್ದೆ ಜಾಲರಿ, ಮುಚ್ಚಿದ ಕೋಣೆ, ಬೂಸಲು, ಅದರ ಮೇಲೆ ಹೊಡೆದ ಸೆಂಟು. ಅಳಲಿಲ್ಲ. ಅತ್ತರೆ ಆ ತಾಯಿಯೇ ತನ್ನನ್ನು ಸಮಾಧಾನ ಮಾಡಬೇಕಾದೀತು ಎಂದು ಹಲ್ಲು ಕಚ್ಚಿಕೊಂಡಳು.

ತಾಯಿ ಎಸಿಯ ಕಡೆ ತಿರುಗಿದಳು. "ಜಾಸ್ತಿ ಹೊಡೀರಿ ಅಂತ ನಾನೇ ಹೇಳಿದ್ದೆ," ಎಂದಳು. ಮತ್ತೆ ದನಿ ಗಟ್ಟಿಯಾಯಿತು. "ನಾಳೆ ಹೋಗೋ ಮುಂಚೆ ಅದನ್ನ ಬಿಚ್ಚೋದು, ತೊಳಿಯೋದು, ಒಣಗಿದೆಯೋ ಇಲ್ವೋ ನೋಡೋದು ಎಲ್ಲ ನನಗೆ ಕಲಿಸಿಕೊಡಿ. ಮುಂದಿನ ಸಲ ಎಲ್ಲಿ ಉಳಿದುಕೊಂಡರೂ ನನ್ನ ಕೈಯಾರೆ ಮಾಡ್ಕೋತೀನಿ. ಇನ್ನು ನಿಮ್ಮನ್ನ ನಂಬೋಕೆ ನನ್ನಿಂದ ಆಗಲ್ಲ."

"ಕಲಿಸ್ತೀನಮ್ಮ."

ಹೊರಗೆ ಹೋಗಿ ಎಂದು ತಾಯಿ ಹೇಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ದೊಡ್ಡಕ್ಕ ಬಾಗಿಲ ಪಕ್ಕದಲ್ಲಿ ನಿಂತೇ ಇದ್ದಳು. ಎಸಿ ಸದ್ದಿಲ್ಲದೆ ತಣ್ಣನೆಯ ಗಾಳಿ ಬಿಡುತ್ತಿತ್ತು. ಇಬ್ಬರ ಕಿವಿಯೂ ಮಂಚದ ಕಡೆಗಿತ್ತು. ಒಂದೇ ಒಂದು ಕೆಮ್ಮು ಬರಲಿ ಎಂದು ದೊಡ್ಡಕ್ಕನ ಮನಸ್ಸು ಹಂಬಲಿಸಿತು. ಬಂದರೆ ಕಾರಣ ಬೇರೇನೋ ಇದೆ ಎಂದಾದರೂ ಅಂದುಕೊಳ್ಳಬಹುದು. ಮಲಗಿದ ಕೂಸಿಗೆ ಕೆಮ್ಮು ಬಯಸಿದ ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು. ಆದರೂ ಕಿವಿಗೊಟ್ಟು ಕಾದಳು.

ಪುಟ್ಟಿ ಒಂದು ಸಲ ಮಗ್ಗುಲು ಬದಲಿಸಿದಳು. ಬೆಳಗಿನ ತನಕ ಕೆಮ್ಮಲೇ ಇಲ್ಲ.